ಮುಚ್ಚಳದೊಳಗಿನ ಗೆರೆ

ತೇನಿಯಲ್ಲಿ ಯಾರ ಮನೆಯಲ್ಲಾದರೂ ಮದುವೆಯೋ ಸಾವೋ ಆದರೆ, ಫೋನಿನಲ್ಲಿರುವ ಮಸುಕು ಫೋಟೋ ಹಿಡಿದುಕೊಂಡು ಜನ ಮುತ್ತುಸೆಲ್ವಿಯನ್ನು ಹುಡುಕಿಕೊಂಡು ಬರುತ್ತಾರೆ. ಹೆಬ್ಬೆರಳಿನಷ್ಟು ಮುಖವನ್ನು ಆಳೆತ್ತರಕ್ಕೆ ಹಿಗ್ಗಿಸಿದರೂ ಕಣ್ಣು ಕಣ್ಣಾಗಿಯೇ ಉಳಿಯುವಂತೆ ಮಾಡುವವಳು ಆ ಊರಿನಲ್ಲಿ ಅವಳೊಬ್ಬಳೇ ಎಂಬ ಮಾತಿದೆ. ಜೆಯರಾಜ್ ಎಂಬವರ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಅವಳು ಹತ್ತೊಂಬತ್ತು ವರ್ಷದಿಂದ ಡಿಸೈನ್ ಕೆಲಸ ಮಾಡುತ್ತಿದ್ದಾಳೆ. ವಯಸ್ಸು ನಲವತ್ತೊಂದು. ಊರು ಕೋಂಬೈ. ಮನೆಯಲ್ಲಿ ತಾಯಿ ಆಡುವುದು ಕನ್ನಡ, ಪ್ರೆಸ್ಸಿನಲ್ಲಿ ಎಲ್ಲರೂ ಆಡುವುದು ತಮಿಳು. ಬಸ್ಸಿನಲ್ಲಿ ಕೂತಾಗ ಯಾವುದರಲ್ಲಿ ಯೋಚಿಸುತ್ತಾಳೆ ಎಂದು ಕೇಳಿದರೆ ಅವಳಿಗೇ ಗೊತ್ತಿಲ್ಲ.

ಅವಳು ಕೆಲಸ ಕಲಿತದ್ದು ಏಲಕ್ಕಿ ಚೀಲಗಳ ಮೇಲೆ. ಆಗ ಬೆಟ್ಟದ ಬುಡದ ಬೋಡಿ ಪೇಟೆಯ ವ್ಯಾಪಾರಿಗಳು ಚೀಲಕ್ಕೆ ತಮ್ಮ ಗುರುತನ್ನು ಸ್ಕ್ರೀನ್ ಪ್ರಿಂಟ್ ಮಾಡಿಸುತ್ತಿದ್ದರು. ಹಸಿರಿಗೊಂದು ಪರದೆ, ಕೆಂಪಿಗೊಂದು, ಕಪ್ಪು ಗೆರೆಗೆ ಕೊನೆಯದಾಗಿ ಇನ್ನೊಂದು. ಒಂದು ಬಣ್ಣ ಇನ್ನೊಂದರೊಳಗೆ ಕೂದಲೆಳೆಯಷ್ಟು ಸರಿದರೂ ಚೀಲ ಕೊಳಕಾಗಿ ಕಾಣುತ್ತಿತ್ತು. ಹಾಗಾಗಿ ಗೆರೆ ಎಂದರೆ ಕತ್ತರಿಸಿದಂತಿರಬೇಕು, ಬಣ್ಣ ಎಂದರೆ ಸುಣ್ಣ ಬಳಿದ ಗೋಡೆಯಂತೆ ಒಂದೇ ಸಮನಿರಬೇಕು ಎಂಬುದು ಅವಳ ಕೈಗೆ ಅಂಟಿಬಿಟ್ಟಿತ್ತು. ಕಂಪ್ಯೂಟರ್ ಬಂದು, ಫ್ಲೆಕ್ಸ್ ಬಂದು, ಈಗ ಹೇಳಿದ್ದನ್ನು ತಾನೇ ಚಿತ್ರ ಬರೆದು ಕೊಡುವ ಆ್ಯಪ್‌ಗಳೂ ಬಂದ ಮೇಲೂ ಅವಳ ಕಣ್ಣು ಮೊದಲು ಹುಡುಕುವುದು ಅವೆರಡನ್ನೇ.

ಕಳೆದ ಆಗಸ್ಟ್‌ನಲ್ಲಿ ನಿವೇತಾ ಎಂಬ ಹುಡುಗಿ ಪ್ರೆಸ್ಸಿಗೆ ಬಂದಳು. ಕೃಷಿ ಓದಿದವಳು, ಇಪ್ಪತ್ತಾರರ ವಯಸ್ಸು. ತಂದೆಗೆ ಬೋಡಿಮೆಟ್ಟು ಘಾಟಿಯ ಆಚೆ ಏಲಕ್ಕಿ ತೋಟ, ಬೋಡಿಯಲ್ಲಿ ಆಫೀಸು. ತಂದೆ ಹಾಸಿಗೆ ಹಿಡಿದ ಮೇಲೆ ತೋಟವನ್ನು ಅವಳೇ ನೋಡಿಕೊಳ್ಳುತ್ತಿದ್ದಳು. ಅವಳ ಮನೆಯ ಹಿರಿಯರೂ ಕನ್ನಡ ಮಾತಾಡುವವರೇ, ಆದರೆ ಅವಳಿಗೆ ಅದು ಕೇಳಿದರೆ ಅರ್ಥವಾಗುವಷ್ಟೇ. ಮಾತೆಲ್ಲ ತಮಿಳಿನಲ್ಲಿ.

"ಅಕ್ಕಾ, ತೋಟಕ್ಕೆ ಹೊಸ ಔಷಧಿ ಬಂದಿದೆ. ಕೊರೆಯುವ ಹುಳಕ್ಕೆ. ಅದನ್ನು ನೀರಿಗೆ ಬೆರೆಸುವುದು ಹೇಗೆ ಅಂತ ಶೆಡ್ಡಿನ ಗೋಡೆಗೆ ಒಂದು ಬೋರ್ಡು ಬೇಕು," ಎಂದಳು. "ಬೆರೆಸುವವರು ಒಬ್ಬ ಮುದುಕಿ, ಆ ಪಾಟಿಗೆ ಓದೋಕೆ ಬರಲ್ಲ. ಸಿಂಪಡಿಸುವವರಲ್ಲಿ ಅರ್ಧ ಜನ ಜಾರ್ಖಂಡಿನವರು, ಅವರಿಗೆ ತಮಿಳು ಬರಲ್ಲ. ಅದಕ್ಕೇ ಬರೀ ಚಿತ್ರ. ನಾನೇ ಮಾಡಿದ್ದೀನಿ."

ಫೋನ್ ತೆಗೆದು ತೋರಿಸಿದಳು. ಆರು ಚಿತ್ರಗಳು. ಕೈಗವಸು ಹಾಕಿಕೊಳ್ಳುವುದು, ಬಾಯಿಗೆ ಮಾಸ್ಕ್ ಕಟ್ಟುವುದು, ಔಷಧಿಯನ್ನು ಡಬ್ಬಿಯ ಮುಚ್ಚಳಕ್ಕೆ ಸುರಿದು ಅಳೆಯುವುದು, ಟ್ಯಾಂಕಿನ ನೀರಿಗೆ ಹಾಕುವುದು, ಕೋಲಿನಿಂದ ಕಲಕುವುದು, ಕೈ ತೊಳೆಯುವುದು. ಎಐ ಆ್ಯಪ್‌ನಲ್ಲಿ ಬರೆಸಿದ ಚಿತ್ರಗಳಾದರೂ ಲಕ್ಷಣವಾಗಿದ್ದವು. ದಪ್ಪ ಕಪ್ಪು ಗೆರೆ, ಮಕ್ಕಳ ಪುಸ್ತಕದಂಥ ಸಪಾಟು ಬಣ್ಣ, ತಲೆಗೆ ಟವೆಲ್ ಸುತ್ತಿಕೊಂಡ, ಬೆಟ್ಟದ ಕಡೆಯ ಹೆಂಗಸಿನಂತೆಯೇ ಕಾಣುವ ಒಬ್ಬ ಹೆಂಗಸು.

"ಎಷ್ಟು ದೊಡ್ಡದು ಬೇಕು?"

"ನಾಲ್ಕು ಅಡಿ ಅಗಲ. ದೂರದಿಂದಲೂ ಕಾಣಬೇಕು, ಹತ್ತಿರ ಹೋದರೂ ಚೆನ್ನಾಗಿರಬೇಕು."

ಮುತ್ತುಸೆಲ್ವಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಮೇಲೆ ಮೂರು, ಕೆಳಗೆ ಮೂರು. ಒಂದೊಂದು ಚಿತ್ರಕ್ಕೆ ಹದಿನಾರು ಅಂಗುಲ. ಆ್ಯಪ್ ಕೊಟ್ಟಿರುವುದು ಸಾವಿರದ ಇಪ್ಪತ್ನಾಲ್ಕು ಪಿಕ್ಸೆಲ್. ಅಂಗುಲಕ್ಕೆ ಅರವತ್ತನಾಲ್ಕು ಚುಕ್ಕಿ ಮಾತ್ರ. ಹಾಗೇ ಹಿಗ್ಗಿಸಿದರೆ ಗೆರೆಯ ಅಂಚು ಮೆಟ್ಟಿಲು ಮೆಟ್ಟಿಲಾಗುತ್ತದೆ, ಇಲ್ಲವೇ ಮಂಜು ಕವಿದಂತೆ ಮಸುಕಾಗುತ್ತದೆ.

"ವಾಟ್ಸ್ಆ್ಯಪ್‌ನಲ್ಲಿ ಫೋಟೋ ಥರ ಕಳಿಸಬೇಡಮ್ಮ, ಡಾಕ್ಯುಮೆಂಟಾಗಿ ಕಳಿಸು. ಇಲ್ಲದಿದ್ದರೆ ಇನ್ನೂ ಕೆಡುತ್ತೆ," ಎಂದಳು. "ಉಳಿದದ್ದು ನನಗೆ ಬಿಡು."

ಸೋಮವಾರ ಬೋರ್ಡು ಏರಬೇಕಿತ್ತು, ಅಂದು ಶುಕ್ರವಾರ. ಮುತ್ತುಸೆಲ್ವಿ ಮೊದಲು ಫೋಟೋಗಳಿಗೆ ಬಳಸುವ ಸಾಫ್ಟ್‌ವೇರ್‌ನಲ್ಲಿ ಒಂದು ಚಿತ್ರವನ್ನು ನಾಲ್ಕು ಪಟ್ಟು ಹಿಗ್ಗಿಸಿ ನೋಡಿದಳು. ಅದು ಫೋಟೋ ಎಂದೇ ತಿಳಿದು ಹೆಂಗಸಿನ ಕೆನ್ನೆಗೆ ಚರ್ಮದ ರಂಧ್ರಗಳನ್ನೂ ಸೀರೆಗೆ ನೂಲಿನ ನೇಯ್ಗೆಯನ್ನೂ ತಾನೇ ಹುಟ್ಟಿಸಿ ಹಾಕಿತ್ತು. ಗೆರೆಯ ಪಕ್ಕದಲ್ಲಿ ಬಿಳಿಯ ಇನ್ನೊಂದು ಗೆರೆ ಎದ್ದಿತ್ತು. ಅದನ್ನು ಬಿಟ್ಟು, ಬರೆದ ಚಿತ್ರಗಳಿಗೆಂದೇ ಇರುವ ಇನ್ನೊಂದರಲ್ಲಿ ಹಾಕಿದಳು. ಈ ಸಲ ಗೆರೆ ಚಾಕುವಿನಲ್ಲಿ ಕೊಯ್ದಂತೆ ಬಂತು. ಆದರೆ ಬಣ್ಣ? ಪರದೆಯ ಮೇಲೆ ಸಪಾಟಾಗಿ ಕಂಡರೂ ಒಂದು ತುಂಡನ್ನು ವಿನೈಲ್ ಮೇಲೆ ಪ್ರಿಂಟ್ ತೆಗೆದು ನೋಡಿದರೆ ಹಸಿರಿನಲ್ಲಿ ಮೋಡ ಮೋಡವಾದ ಕಲೆ, ಹೆಂಗಸಿನ ಮುಖಕ್ಕೆ ಬಂಗು ಬಂದ ಹಾಗೆ. ಆ್ಯಪ್ ಬರೆದ ಬಣ್ಣ ಮೂಲದಲ್ಲೇ ಒಂದೇ ಸಮನಿರಲಿಲ್ಲ. ಒಂದು ಹಸಿರಿನೊಳಗೆ ನೂರು ಹಸಿರಿದ್ದವು. ಹಿಗ್ಗಿಸಿದಾಗ ಅವೂ ಹಿಗ್ಗಿದ್ದವು.

ಇದು ಅವಳ ಹಳೆಯ ವಿದ್ಯೆಯ ಕೆಲಸ. ಚೀಲಕ್ಕೆ ಪರದೆ ಮಾಡುವಾಗಿನ ಹಾಗೆಯೇ ಚಿತ್ರವನ್ನು ಬಿಡಿಸಿದಳು. ಗಾಢ ಕಪ್ಪು ಎಲ್ಲೆಲ್ಲಿದೆಯೋ ಅದನ್ನೆಲ್ಲ ಎತ್ತಿ ಪ್ರತ್ಯೇಕ ಪದರವಾಗಿ ಮೇಲಿಟ್ಟಳು. ಕೆಳಗಿನ ಬಣ್ಣಗಳನ್ನು ಲೆಕ್ಕಕ್ಕೆ ತಂದಳು: ಈ ಚಿತ್ರದಲ್ಲಿ ಹನ್ನೆರಡೇ ಬಣ್ಣ ಇರಲಿ, ಉಳಿದವೆಲ್ಲ ತಮಗೆ ಹತ್ತಿರದ್ದರಲ್ಲಿ ಸೇರಿಕೊಳ್ಳಲಿ. ಹನ್ನೆರಡರಲ್ಲೂ ಮುಖದ ಕಲೆ ಹೋಗಲಿಲ್ಲ. ಎಂಟಕ್ಕೆ ಇಳಿಸಿದಳು. ಹೋಯಿತು. ಚಿಕ್ಕ ಚಿಕ್ಕ ಚುಕ್ಕಿಗಳನ್ನು ಕಸವೆಂದು ಗುಡಿಸಿ ಹಾಕುವ ಫಿಲ್ಟರ್ ಒಂದನ್ನೂ ಓಡಿಸಿದಳು. ಚಿತ್ರ ತೊಳೆದಿಟ್ಟ ತಟ್ಟೆಯ ಹಾಗೆ ಹೊಳೆಯಿತು.

ಆ್ಯಪ್ ಬರೆದ ಚಿತ್ರಗಳಲ್ಲಿ ಅಸಂಬದ್ಧಗಳೂ ಇದ್ದವು. ಒಂದು ಕೈಗವಸಿಗೆ ಆರನೆಯ ಬೆರಳಿತ್ತು. ಬಕೆಟ್ಟಿನ ಹಿಡಿಕೆ ಗಾಳಿಯಲ್ಲಿ ಕೊನೆಯಾಗಿತ್ತು. ನೆಲದ ಮೇಲೆ ಯಾವುದಕ್ಕೂ ಸೇರದ ಎರಡು ಗೆರೆಗಳಿದ್ದವು. ಅವನ್ನೆಲ್ಲ ಅಳಿಸಿ ಸರಿ ಮಾಡಿದಳು. ಮೂರನೆಯ ಚಿತ್ರವನ್ನು, ಮುಚ್ಚಳ ಹಿಡಿದಿರುವ ಚಿತ್ರವನ್ನು, ದೊಡ್ಡದು ಮಾಡಿ ನೋಡುವಾಗ ಮುಚ್ಚಳದೊಳಗೆ ಮೊದಲು ಏನೋ ಒಂದು ತೆಳ್ಳನೆಯ ಬೂದು ಗೆರೆ ಇದ್ದಂತೆ ಅವಳಿಗೆ ನೆನಪಾಯಿತು. ಈಗ ಅದಿರಲಿಲ್ಲ. ಕಪ್ಪಲ್ಲದ ಗೆರೆ, ಆದ್ದರಿಂದ ಗೆರೆಯ ಪದರಕ್ಕೆ ಬಂದಿಲ್ಲ. ಸಣ್ಣದು, ಆದ್ದರಿಂದ ಕಸದ ಜೊತೆ ಹೋಗಿದೆ. ಇದೂ ಆ್ಯಪ್‌ನ ಇನ್ನೊಂದು ಅಧಿಕಪ್ರಸಂಗ ಇರಬೇಕು ಎಂದುಕೊಂಡಳು.

ಪ್ರತಿ ಕೆಲಸದ ಕೊನೆಗೆ ಮೂಲ ಚಿತ್ರವನ್ನು ಹೊಸದರ ಮೇಲಿಟ್ಟು, ಕಣ್ಣು ಮುಚ್ಚಿ ತೆರೆಯುವ ಹಾಗೆ ಒಮ್ಮೆ ಅದು ಒಮ್ಮೆ ಇದು ಎಂದು ಬದಲಿಸಿ ನೋಡುವುದು ಅವಳ ಅಭ್ಯಾಸ. ಏನಾದರೂ ಕಳೆದುಹೋಗಿದ್ದರೆ ಆಗ ಹಾರಿ ಕಣ್ಣಿಗೆ ಬೀಳುತ್ತದೆ. ಐದು ಚಿತ್ರಗಳಿಗೆ ಮಾಡಿದಳು. ಮೂರನೆಯದಕ್ಕೆ ಮಾಡಲಿಲ್ಲ. ಹೊರಗೆ ಪ್ರಿಂಟರ್ ಖಾಲಿ ನಿಂತಿದೆ ಎಂದು ಜೆಯರಾಜ್ ಕೂಗಿದ್ದರು. ಆದರೆ ಅದು ಕಾರಣವಲ್ಲ ಎಂದು ಅವಳಿಗೆ ಆಮೇಲೆ ಗೊತ್ತಾಯಿತು. ಮುಖ ಅಷ್ಟು ಚೆನ್ನಾಗಿ ಬಂದಿತ್ತು. ಮತ್ತೆ ಹಳೆಯದನ್ನು ನೋಡುವ ಮನಸ್ಸಾಗಿರಲಿಲ್ಲ.

ನೋಡಲೆಂದು ಚಿಕ್ಕದೊಂದು ಪ್ರತಿಯನ್ನು ನಿವೇತಾಗೆ ಕಳಿಸಿದಳು. ಆರು ಚಿತ್ರವೂ ಅಂಗೈಯಗಲದ ಪರದೆಯಲ್ಲಿ. ನಿಮಿಷದೊಳಗೆ ಉತ್ತರ ಬಂತು: "ಸೂಪರ್ ಅಕ್ಕಾ."

ಬೋರ್ಡು ಬೆಟ್ಟ ಹತ್ತಿತು.

ಹತ್ತು ದಿನದ ಮೇಲೆ ನಿವೇತಾ ಮತ್ತೆ ಬಂದಳು. ಮುಖ ಬಾಡಿತ್ತು.

"ಅಕ್ಕಾ, ಬೋರ್ಡು ಇನ್ನೊಂದು ಸಲ ಮಾಡಬೇಕು. ಅಳತೆಯ ಚಿತ್ರ ಇನ್ನೂ ದೊಡ್ಡದಿರಲಿ, ಒಂದು ಕೆಂಪು ಬಾಣ ಹಾಕಿ. ದೊಡ್ಡ ಅನಾಹುತ ಆಗಿಹೋಯ್ತು."

ಕುರ್ಚಿ ಎಳೆದುಕೊಂಡು ಕೂತು ಹೇಳಿದಳು. ಮೂರು ದಿನ ಸಿಂಪಡಣೆ ನಡೆದಿತ್ತು. ಮೂರನೆಯ ದಿನ ಮಧ್ಯಾಹ್ನ ಮಾರಿಮುತ್ತು ಎಂಬಾತ ಏಲಕ್ಕಿ ಗಿಡಗಳ ನಡುವೆ ಕುಸಿದು ಬಿದ್ದ. ಮೈಯೆಲ್ಲ ಬೆವರು, ಬಾಯಲ್ಲಿ ಜೊಲ್ಲು, ಕಣ್ಣಿನ ಪಾಪೆ ಸಾಸಿವೆಯಷ್ಟಾಗಿತ್ತು. ಜೀಪಿನಲ್ಲಿ ಹಾಕಿಕೊಂಡು ಘಾಟಿ ಇಳಿದು ತೇನಿಯ ಆಸ್ಪತ್ರೆಗೆ ತಂದರು. ಎರಡು ದಿನ ಏನೂ ಹೇಳಲಾಗದು ಎಂದಿದ್ದರು ಡಾಕ್ಟರು. ಈಗ ಜೀವಕ್ಕೆ ಭಯವಿಲ್ಲ, ಆದರೆ ಕೈ ನಡುಗುವುದು ನಿಂತಿಲ್ಲ. ಇನ್ನಿಬ್ಬರು ವಾಂತಿ ಮಾಡಿಕೊಂಡು ಸುಧಾರಿಸಿಕೊಂಡಿದ್ದರು.

"ಆ ಮೂಕಮ್ಮಾಳ್ ಪಾಟಿ ಬೆರೆಸಿದ್ದು. ಕೆಳಗಿನ ಗೆರೆ ತನಕ ಹಾಕಬೇಕಾದದ್ದು, ಇಪ್ಪತ್ತು ಮಿಲಿ. ಅವರು ಮುಚ್ಚಳ ತುಂಬ ಹಾಕಿದ್ದಾರೆ. ಐವತ್ತು! ಪ್ರತಿ ಟ್ಯಾಂಕಿಗೂ. ನಾನು ಮಾಡಿದ ಚಿತ್ರದಲ್ಲಿ ಅಷ್ಟು ಸ್ಪಷ್ಟವಾಗಿದೆ, ಫೋನಿನಲ್ಲಿ ಮತ್ತೆ ತೆಗೆದು ನೋಡಿದೆ. ಕೇಳಿದರೆ, ಚಿತ್ರದಲ್ಲಿ ಇದ್ದ ಹಾಗೇ ಹಾಕಿದೆ ಅಂತಾರೆ. ಮೇಸ್ತ್ರಿ ವಿಮಲ್ ಹೇಳ್ತಾನೆ, ಮುದುಕಿಗೆ ಕಣ್ಣು ಕಾಣಲ್ಲ ಅಂತ. ಅವರನ್ನು ಕೆಲಸದಿಂದ ನಿಲ್ಲಿಸಬೇಕಾಯ್ತು ಅಕ್ಕಾ. ಹದಿನಾರು ವರ್ಷದಿಂದ ಇದ್ದವರು."

ಮುತ್ತುಸೆಲ್ವಿ ಆರ್ಡರ್ ಪುಸ್ತಕ ಎಳೆದುಕೊಂಡಳು. "ನಾಳೆ ಕೊಡ್ತೀನಮ್ಮ," ಎಂದಷ್ಟೇ ಹೇಳಿದಳು.

ನಿವೇತಾ ಹೋದ ಮೇಲೆ ಮೂಲ ಚಿತ್ರವನ್ನು ತೆರೆದಳು. ಅಂದು ಮಾಡದೆ ಬಿಟ್ಟಿದ್ದನ್ನು ಆಗ ಮಾಡಿದಳು: ಒಮ್ಮೆ ಅದು, ಒಮ್ಮೆ ಇದು. ಮೂಲದಲ್ಲಿ ಮುಚ್ಚಳ ಕೆನೆಬಣ್ಣದ್ದು. ಅದರ ಅರ್ಧಕ್ಕೂ ಕಡಿಮೆ ಎತ್ತರಕ್ಕೆ ಒಂದು ಬೂದು ಗೆರೆ, ಗೆರೆಯ ಕೆಳಗೆ ತೆಳು ಹಳದಿಯ ಔಷಧಿ. ಹೊಸದರಲ್ಲಿ ಗೆರೆಯೇ ಇಲ್ಲ. ಬಣ್ಣಗಳನ್ನು ಎಂಟಕ್ಕೆ ಇಳಿಸಿದಾಗ ಕೆನೆಬಣ್ಣವೂ ತೆಳು ಹಳದಿಯೂ ಹತ್ತಿರದವೆಂದು ಒಂದಾಗಿಬಿಟ್ಟಿದ್ದವು. ಇಡೀ ಮುಚ್ಚಳ ಕಂಠದವರೆಗೆ ಹಳದಿ. ಬರೆದವರು ಬೇಕೆಂದೇ ಬರೆದಂತೆ, ಅಂಚಿನಲ್ಲಿ ಒಂದಿಷ್ಟೂ ಅನುಮಾನವಿಲ್ಲದ, ಚೊಕ್ಕವಾದ, ತುಂಬಿದ ಮುಚ್ಚಳ.

ಮಸುಕಾಗಿದ್ದರೆ ಆ ಹೆಂಗಸು ಯಾರನ್ನಾದರೂ ಕೇಳುತ್ತಿದ್ದಳೇನೋ. ಇದು ಕೇಳಬೇಕು ಅನ್ನಿಸದಷ್ಟು ಸ್ಪಷ್ಟವಾಗಿತ್ತು.

ಆ ಸಂಜೆ ಮುತ್ತುಸೆಲ್ವಿ ಹೊಸ ಬೋರ್ಡು ಸಿದ್ಧಮಾಡಿದಳು. ಬಣ್ಣ ಇಳಿಸುವ ಮೊದಲೇ ಮುಚ್ಚಳವನ್ನೂ ಔಷಧಿಯನ್ನೂ ಬೇರೆ ಮಾಡಿ, ಬಣ್ಣ ಬದಲಾಗದಂತೆ ಬೀಗ ಹಾಕಿದಳು. ಮುಚ್ಚಳಕ್ಕೆ ಅಚ್ಚ ಬಿಳಿ, ಔಷಧಿಗೆ ಗಾಢ ಕಿತ್ತಳೆ. ಎರಡರ ನಡುವಿನ ಗೆರೆಯನ್ನು ಕೈಯಾರೆ ಕಪ್ಪಿನಲ್ಲಿ ಎಳೆದಳು. ಕೆಂಪು ಬಾಣವನ್ನೂ ಹಾಕಿದಳು. ಆಮೇಲೆ ಹಳೆಯ ಬೋರ್ಡಿನ ಫೈಲನ್ನು ಅಳಿಸಿದಳು. ಕೈ ತಾನಾಗಿ ಮಾಡಿದ ಕೆಲಸ ಅದು. ಅಳಿಸಿಯಾದ ಮೇಲೆ, ಯಾರಾದರೂ ನೋಡಿದರೇ ಎಂದು ಹಿಂತಿರುಗಿ ನೋಡಿದಳಲ್ಲ, ಆಗ ತಾನು ಏನು ಮಾಡಿದೆ ಎಂಬುದು ಅವಳಿಗೆ ತಿಳಿಯಿತು. ಕಸದ ಬುಟ್ಟಿಯಿಂದ ಅದನ್ನು ವಾಪಸು ತೆಗೆದಳು. ಆದರೆ ಬಾಯಿ ತೆರೆಯಲಿಲ್ಲ.

ಮರುದಿನ ಬೋರ್ಡು ಒಯ್ಯಲು ಬಂದ ನಿವೇತಾ, "ಅಬ್ಬಾ, ಈಗ ಕುರುಡರಿಗೂ ಗೊತ್ತಾಗುತ್ತೆ," ಎಂದಳು. ಮುತ್ತುಸೆಲ್ವಿ ಟೇಪಿನ ತುದಿ ಹುಡುಕುವವಳಂತೆ ತಲೆ ಬಗ್ಗಿಸಿದಳು.

ಅವಳು ಕೆಟ್ಟವಳಾಗಿರಲಿಲ್ಲ. ಪ್ರತಿ ದಿನ ಬೆಳಿಗ್ಗೆ ಕೋಂಬೈಯಿಂದ ಬಸ್ಸು ಹತ್ತುವಾಗ, ಇವತ್ತು ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಿದ್ದಳು. ಉತ್ತಮಪಾಳಯಂ ದಾಟುವಷ್ಟರಲ್ಲಿ, ಆ ಮಾರಿಮುತ್ತು ಚೇತರಿಸಿಕೊಳ್ಳುತ್ತಿದ್ದಾನಲ್ಲ, ಹೇಳಿ ಏನಾಗಬೇಕು ಎನ್ನಿಸುತ್ತಿತ್ತು. ತೇನಿಯಲ್ಲಿ ಇಳಿಯುವಾಗ, ನಿವೇತಾನೇ ನೋಡಿ ಒಪ್ಪಿದ್ದಳಲ್ಲ ಎಂದು ಹಲ್ಲು ಕಚ್ಚುತ್ತಿದ್ದಳು. ಕೆಲಸದಲ್ಲಿ ಮಾತ್ರ ಅವಳು ಬೇರೆಯವಳಾಗಿಬಿಟ್ಟಳು. ಒಂದು ಪಟಾಕಿ ಅಂಗಡಿಯ ಬ್ಯಾನರಿನಲ್ಲಿ ಮಗುವಿನ ಹಲ್ಲಿನ ಸಂದನ್ನು ಮೂಲದೊಂದಿಗೆ ಏಳೆಂಟು ಸಲ ಹೋಲಿಸಿ ನೋಡಿದಳು. ಜೆಯರಾಜ್ ಹತ್ತಿರ ಬಂದು, "ಏನಮ್ಮಾ, ಪಾಸ್‌ಪೋರ್ಟ್ ಆಫೀಸಾ ಇದು?" ಎಂದು ನಕ್ಕರು. ಅವಳಿಗೆ ನಗು ಬರಲಿಲ್ಲ. ಮನೆಯಲ್ಲಿ ತಾಯಿ ಕೆಮ್ಮಿನ ಔಷಧಿಯನ್ನು ಮುಚ್ಚಳಕ್ಕೆ ಸುರಿದುಕೊಳ್ಳುವುದನ್ನು ನೋಡಲಾಗದೆ ಎದ್ದು ಹಿತ್ತಲಿಗೆ ಹೋಗಿದ್ದಳು.

ಒಂಬತ್ತನೆಯ ದಿನ ನಿವೇತಾ ಫೋನ್ ಮಾಡಿದಳು. ಬೇರೆ ಏನೋ ವಿಷಯ, ಏಲಕ್ಕಿ ಡಬ್ಬಿಗೆ ಸ್ಟಿಕರ್. ಕೊನೆಯಲ್ಲಿ ತಾನಾಗಿ ಹೇಳಿದಳು: "ಆ ಪಾಟಿಯನ್ನು ಕಣ್ಣಿನ ಆಸ್ಪತ್ರೆಗೆ ಕಳಿಸಿದ್ದೆ ಅಕ್ಕಾ. ಪಾಪ ಅನ್ನಿಸ್ತು. ವಯಸ್ಸಿಗೆ ಕಣ್ಣು ಚೆನ್ನಾಗೇ ಇದೆ ಅಂದರಂತೆ ಡಾಕ್ಟರು. ಆದರೆ ಅವರು ಒಪ್ಪುತ್ತಿಲ್ಲ. ನನ್ನ ಕಣ್ಣು ಸುಳ್ಳು ತೋರಿಸ್ತಿದೆ, ಆಪರೇಷನ್ ಮಾಡಿ ಅಂತ ಅಲ್ಲೇ ಕೂತುಬಿಟ್ಟರಂತೆ."

ಮುತ್ತುಸೆಲ್ವಿ ಫೋನ್ ಇಟ್ಟು ಎರಡು ಚಿತ್ರಗಳನ್ನು, ಮೂಲವನ್ನೂ ತಾನು ಹಿಗ್ಗಿಸಿದ್ದನ್ನೂ, ಒಂದೊಂದು ಹಾಳೆಯಷ್ಟು ದೊಡ್ಡದಾಗಿ ಪ್ರಿಂಟ್ ತೆಗೆದಳು. ಅರ್ಧ ದಿನ ರಜೆ ಕೇಳಿ ಬೋಡಿಯ ಬಸ್ಸು ಹತ್ತಿದಳು.

ಮೂಕಮ್ಮಾಳ್ ಮನೆ ಬೋಡಿಯಲ್ಲಿ, ತೋಟದ ಆಳುಗಳನ್ನು ಬೆಟ್ಟಕ್ಕೆ ಒಯ್ಯುವ ಜೀಪುಗಳು ನಿಲ್ಲುವ ಜಾಗದ ಹಿಂದಿನ ಓಣಿಯಲ್ಲಿ. ಮುಂದೆ ತಗಡಿನ ಮಾಡು. ಅರವತ್ತರ ಸಮೀಪದ ಸಣಕಲು ಹೆಂಗಸು ಬಾಗಿಲಲ್ಲಿ ಕೂತು ಮೊರದಲ್ಲಿ ಅಕ್ಕಿ ಹರಡಿಕೊಂಡಿದ್ದರು. ಕಲ್ಲನ್ನು ಕಣ್ಣಿನಿಂದ ಹುಡುಕುತ್ತಿರಲಿಲ್ಲ. ಬೆರಳಿನಿಂದ ಸವರಿ ಸವರಿ ಹುಡುಕುತ್ತಿದ್ದರು. ಒಳಗಿದ್ದ ಯಾರನ್ನೋ ಅವರು ಕನ್ನಡದಲ್ಲಿ ಗದರುತ್ತಿದ್ದುದನ್ನು ಕೇಳಿ ಮುತ್ತುಸೆಲ್ವಿಯ ಬಾಯಿಗೂ ಮನೆಯ ಮಾತೇ ಬಂತು.

"ದೊಡ್ಡವ್ವಾ, ಮೂಕಮ್ಮಾಳ್ ನೀವು ತಾನೆ?"

"ಆಮಾ ಕಣ್ಣು, ನಾನೇ. ನೀ ಯಾರು? ನಮ್ಮ ಮಾತು ಆಡ್ತೀಯ. ಯಾವೂರು, ಯಾರ ಮನೆಯವಳು?"

"ಕೋಂಬೈ. ಪೆರಿಯಣ್ಣನ್ ಮಗಳು. ತೇನಿನಾಗೆ ಪ್ರೆಸ್ನಾಗೆ ವೇಲೆ ಮಾಡ್ತೀನಿ. ತೋಟದ್ ಶೆಡ್ನಾಗೆ ಒಂದು ಪಡಂ, ಚಿತ್ರದ್ ಬೋರ್ಡು, ಇತ್ತಲ್ಲ, ಅದನ್ನ ದೊಡ್ದು ಮಾಡಿದ್ದು ನಾನೇ."

ಮೂಕಮ್ಮಾಳ್ ಕೈ ಅಕ್ಕಿಯ ಮೇಲೆ ನಿಂತಿತು. "ಒಳ್ಳೆ ಪಡಂ," ಎಂದರು ಮೆಲ್ಲಗೆ. "ನಂಗೇ ಸರಿಯಾಗ್ ನೋಡಕ್ ಬರ್ಲಿಲ್ಲ. ಆ ಹುಡ್ಗನ್ನ ಸಾಯಿಸ್ತಿದ್ದೆ."

"ಇಲ್ಲ ದೊಡ್ಡವ್ವಾ. ನೀವು ಏನ್ ನೋಡಿದ್ರಿ, ಹೇಳಿ."

"ಏನ್ ಹೇಳದು? ಮೂಡಿ ಪೂರಾ ಹಳ್ದಿ ಕಂಡ್ತು." ಮೂಡಿ ಎಂದರೆ ಆ ಕಡೆ ಮುಚ್ಚಳ, ಮರುಂದು ಎಂದರೆ ಔಷಧಿ. "ಮರುಂದೂ ಹಳ್ದಿ. ಮೊದ್ಲ ಮರುಂದು ಇಷ್ಟ್ ಊಯ್ತಿರ್ಲಿಲ್ವೇ ಅಂತ ವಿಮಲ್‌ನ ಕೇಳ್ದೆ. ಪಡಂ ನೋಡಿ ಊಯ್ಯಿ ಪಾಟಿ ಅಂದ. ನೋಡ್ದೆ. ಪೂರಾ ಊಯ್ದೆ. ಆಮ್ಯಾಕೆ ಎಲ್ರೂ ಅರ್ಧ ತಾನೇ ಇರೋದು ಅಂದ್ರು. ಬೋರ್ಡು ತೋರ್ಸಿ ಅಂದೆ. ಕಳ್ಚಿಟ್ಟೌರೆ, ಗ್ವಾಡೆ ಕಡೆ ತಿರುಗ್ಸಿ. ಹೊಸ್ದು ತೋರ್ಸಿದ್ರು. ಅದ್ರಾಗೆ ಅರ್ಧ ತಾನೇ ಇತ್ತು! ನನ್ ಕಣ್ಣೆ ನಂಗೆ ಸುಳ್ ಹೇಳಿದ್ರೆ ನಾ ಯಾರನ್ನ ಕೇಳ್ಲಿ?"

ಹೊಸ ಬೋರ್ಡನ್ನು ತೋರಿಸಿ ಅವರನ್ನು ಒಪ್ಪಿಸಿದ್ದರು. ಅದು ಮುತ್ತುಸೆಲ್ವಿಗೆ ಗೊತ್ತಿರಲಿಲ್ಲ. ತಾನು ಸದ್ದಿಲ್ಲದೆ ತಿದ್ದಿದ ಗೆರೆಯೇ ಈ ಹೆಂಗಸಿನ ಮೇಲೆ ಸಾಕ್ಷಿಯಾಗಿ ನಿಂತಿತ್ತು.

ಅವಳು ನೆಲದ ಮೇಲೆ ಕೂತಳು. ಚೀಲದಿಂದ ಎರಡು ಹಾಳೆಗಳನ್ನು ತೆಗೆದು ಮೊರದ ಪಕ್ಕದಲ್ಲಿ ಹರಡಿದಳು.

"ಇದು ಆ ಹುಡುಗಿ ಕೊಟ್ಟಿದ್ದು. ಇದು ನಾನು ಮಾಡಿದ್ದು. ಶೆಡ್ನಾಗೆ ಮೊದ್ಲು ಇದ್ದಿದ್ದು ಇದೇ."

ಮೂಕಮ್ಮಾಳ್ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಬೆರಳಿನಿಂದ ತುಂಬಿದ ಮುಚ್ಚಳವನ್ನು ಮುಟ್ಟಿದರು, ಆಮೇಲೆ ಅರ್ಧದ್ದನ್ನು.

"ಪೂರಾ ತಾನೇ ಇದೆ," ಎಂದರು.

"ಪೂರಾನೇ ಇದೆ. ನಿಮ್ ಕಣ್ಣು ಸರಿ ದೊಡ್ಡವ್ವಾ. ಪಡಂ ದೊಡ್ದು ಮಾಡ್ವಾಗ ಸಣ್ ಗೆರೆನ ಕಸ ಅಂದ್ಕಂಡು ಬಿಟ್ಬಿಟ್ಟೆ. ಬಣ್ಣ ಸೇರ್ಕಂಡ್ತು. ತಪ್ಪು ನಂದು."

"ಇದು ನಿಂಗೆ ಯಾವಾಗ ತಿಳೀತು?"

ಸುಳ್ಳು ಹೇಳಬಹುದಿತ್ತು. ಇವತ್ತೇ ಎನ್ನಬಹುದಿತ್ತು.

"ಒಂಬತ್ತು ದಿನ ಆಯ್ತು."

ಮೂಕಮ್ಮಾಳ್ ಅವಳ ಮುಖವನ್ನೇ ನೋಡಿದರು. ಮೊರವನ್ನು ತೊಡೆಯ ಮೇಲಿಂದ ಇಳಿಸಿ ಪಕ್ಕಕ್ಕಿಟ್ಟರು.

"ಒಂಬತ್ತು ದಿನದಾಗೆ ನಾನು ದೀಪಕ್ಕೆ ಎಣ್ಣೆ ಊಯ್ದಿಲ್ಲ," ಎಂದರು. "ಜಾಸ್ತಿ ಊಯ್ತೀನಿ ಅಂತ ಬಯ. ಮೊಮ್ಮಗ್ಳ ಕೈಲಿ ಊಯ್ಸದು. ಸೂಜಿ ಮುಟ್ಟಿಲ್ಲ. ಜೀಪ್ ಬಂದ್ರೆ ಎಷ್ಟ್ ಬಂತು, ಮೂರಾ ನಾಕಾ ಅಂತ ಪಕ್ಕದೋರ್ನ ಕೇಳ್ತೀನಿ. ನೀ ಅಲ್ಲಿ ಕೂತಿದ್ಯಾ?"

ಮುತ್ತುಸೆಲ್ವಿಗೆ ಅಳು ಬಂತು. ಮೂಕಮ್ಮಾಳ್ ಸಮಾಧಾನ ಮಾಡಲಿಲ್ಲ. ಒಂದು ಲೋಟ ನೀರು ತಂದು ಮುಂದಿಟ್ಟರು, ಅಷ್ಟೇ. ಅವಳು ಕುಡಿದಾದ ಮೇಲೆ, "ಎದ್ದೇಳು. ಇದನ್ನ ಆ ಹುಡ್ಗಿಗೆ ಹೇಳು. ನಂಗಲ್ಲ," ಎಂದರು.

ಇಬ್ಬರೂ ನಡೆದುಕೊಂಡೇ ನಿವೇತಾಳ ಆಫೀಸಿಗೆ ಹೋದರು. ಏಲಕ್ಕಿಯ ಮಾದರಿ ತಟ್ಟೆಗಳಿದ್ದ ಮೇಜಿನ ಮೇಲೆ ಮುತ್ತುಸೆಲ್ವಿ ಹಾಳೆಗಳನ್ನಿಟ್ಟು ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ಎಂಟು ಬಣ್ಣ, ಹೋಲಿಸದೆ ಬಿಟ್ಟ ಚಿತ್ರ, ಅಳಿಸಿ ವಾಪಸು ತೆಗೆದ ಫೈಲು, ಒಂಬತ್ತು ದಿನ.

ನಿವೇತಾ ತನ್ನ ಫೋನ್ ತೆಗೆದು ಅಂದು ಬಂದಿದ್ದ ಚಿಕ್ಕ ಪ್ರತಿಯನ್ನು ಹುಡುಕಿದಳು. ಎರಡು ಬೆರಳಿನಲ್ಲಿ ಹಿಗ್ಗಿಸಿದಳು.

"ನಾನು ಇದನ್ನು ಝೂಮ್ ಮಾಡಿ ನೋಡಲೇ ಇಲ್ಲ," ಎಂದಳು. ಆಮೇಲೆ ಸಿಟ್ಟು ಬಂತು. "ಆದರೆ ಅಕ್ಕಾ, ಗೊತ್ತಾದ ದಿನ ಒಂದು ಮಾತು ಹೇಳಬಾರದಿತ್ತೇ? ಡಾಕ್ಟರಿಗೆ ನಾನು ಪಾಟಿ ತಪ್ಪು ಅಳತೆ ಹಾಕಿದರು ಅಂತ ಬರೆದುಕೊಟ್ಟಿದ್ದೀನಿ. ಊರಿಗೆಲ್ಲ ಹೇಳಿದ್ದೀನಿ."

"ಹೇಳಬೇಕಿತ್ತಮ್ಮ."

ನಿವೇತಾ ಎದ್ದು ಮೂಕಮ್ಮಾಳ್ ಮುಂದೆ ನಿಂತಳು. ಅವಳಿಗೆ ಬರುವ ಅಲ್ಪಸ್ವಲ್ಪ ಕನ್ನಡವನ್ನು ಕೂಡಿಸಿಕೊಂಡು, "ಪಾಟಿ, ನಂದೂ ತಪ್ಪು. ನೀವು ಮತ್ತೆ ಬನ್ನಿ," ಎಂದಳು.

"ಬತ್ತೀನಿ. ಕಳೆ ಕೀಳಕ್ಕೆ ಬತ್ತೀನಿ, ಕಾಯಿ ಬಿಡ್ಸಕ್ಕೆ ಬತ್ತೀನಿ. ಮರುಂದು ಮುಟ್ಟಲ್ಲ," ಎಂದರು ಮೂಕಮ್ಮಾಳ್. "ವಿಮಲ್ ಮುಂದೆ ನೀ ಇದನ್ನ ಹೇಳ್ಬೇಕು. ಎಲ್ರೂ ಇರ್ವಾಗ."

ಮರುದಿನ ಬೆಳಿಗ್ಗೆ ಜೀಪುಗಳು ಹೊರಡುವ ಹೊತ್ತಿಗೆ ನಿವೇತಾ ಅಲ್ಲಿಗೇ ಹೋಗಿ ಹೇಳಿದಳು. ಮುತ್ತುಸೆಲ್ವಿಯೂ ಹೋಗಿದ್ದಳು. ಯಾರೂ ಹೋಗೆಂದಿರಲಿಲ್ಲ. ಹೆಂಗಸರು ಅವಳನ್ನು ಮೇಲಿನಿಂದ ಕೆಳಗೆ ನೋಡಿದರು. ವಿಮಲ್ ತನ್ನ ಪಾಲಿನ ಮಾತನ್ನು ಒಪ್ಪಿಕೊಳ್ಳಲಿಲ್ಲ, ಪಾಟಿ ತನ್ನನ್ನು ಏನೂ ಕೇಳಿರಲಿಲ್ಲ ಎಂದೇ ಸಾಧಿಸಿದ. ಅದೊಂದು ಇವತ್ತಿಗೂ ಬಗೆಹರಿದಿಲ್ಲ.

ಪ್ರೆಸ್ಸಿನಲ್ಲಿ ಜೆಯರಾಜ್ ಸಿಡಿದರು. "ಯಾರು ಕೇಳಿದ್ದರು ನಿನ್ನನ್ನ? ಗಿರಾಕಿ ಓಕೆ ಅಂದ ಮೇಲೆ ಜವಾಬ್ದಾರಿ ಗಿರಾಕಿದು!" ಎಂದರು. ಒಂದು ವಾರ ಮಾತು ಬಿಟ್ಟರು. ಕೆಲಸದಿಂದ ತೆಗೆಯಲಿಲ್ಲ. ಅವಳಂಥ ಕೈ ತೇನಿಯಲ್ಲಿ ಇನ್ನೊಂದಿಲ್ಲ ಎಂಬುದು ಅವರಿಗೂ ಗೊತ್ತು. ಆ ಮಾತನ್ನು ಯಾರಾದರೂ ಮೆಚ್ಚಿ ಆಡಿದರೆ ಈಗ ಮುತ್ತುಸೆಲ್ವಿ ಅಲ್ಲಿಂದ ಎದ್ದು ಹೋಗುತ್ತಾಳೆ.

ಮಾರಿಮುತ್ತುವನ್ನು ನೋಡಲು ಅವಳು ಎರಡು ಸಲ ಆಸ್ಪತ್ರೆಗೆ ಹೋದಳು. ಮೊದಲ ಸಲ ವಾರ್ಡಿನ ಬಾಗಿಲಿಂದಲೇ ಹಿಂತಿರುಗಿದಳು. ಎರಡನೆಯ ಸಲ ಒಳಗೆ ಹೋಗಿ ತಾನು ಯಾರೆಂದು ಹೇಳಿದಳು. ಮೂವತ್ತರ ಆ ಮನುಷ್ಯ ಎದ್ದು ಕೂತು ಕೇಳಿಸಿಕೊಂಡ. ಚಹಾದ ಲೋಟವನ್ನು ಎರಡು ಕೈಯಲ್ಲಿ ಹಿಡಿದಿದ್ದ, ಆದರೂ ಅದು ತುಳುಕುತ್ತಿತ್ತು. "ಕಡಿಮೆ ಆಗುತ್ತೆ ಅಂದಿದ್ದಾರೆ ಅಕ್ಕಾ," ಎಂದ. ಕ್ಷಮಿಸಿದೆ ಎನ್ನಲಿಲ್ಲ, ಅವಳು ಕೇಳಲೂ ಇಲ್ಲ. ಎರಡು ತಿಂಗಳಿಗೆ ಅವನು ತೋಟಕ್ಕೆ ಮರಳಿದ. ಭಾರದ ಟ್ಯಾಂಕು ಹೊರುವುದಿಲ್ಲ; ಕಾಯಿ ಒಣಗಿಸುವ ಮನೆಯಲ್ಲಿ ಬೆಂಕಿ ನೋಡಿಕೊಳ್ಳುತ್ತಾನೆ.

ಡಿಸೆಂಬರಿನಲ್ಲಿ ನಿವೇತಾ ಇನ್ನೊಂದು ಬೋರ್ಡು ಮಾಡಿಸಿದಳು, ಏಲಕ್ಕಿ ಕಾಯಿ ಉಜ್ಜುವ ಯಂತ್ರದ ಬೆಲ್ಟಿನ ಹತ್ತಿರ ಹೇಗೆ ಕೆಲಸ ಮಾಡಬೇಕು ಎಂಬುದು. ಮುತ್ತುಸೆಲ್ವಿ ಹಿಗ್ಗಿಸಿ, ಗೆರೆ ಬಿಡಿಸಿ, ಅರ್ಥವಿರುವ ಬಣ್ಣಗಳನ್ನೆಲ್ಲ ಮೊದಲೇ ಬೀಗ ಹಾಕಿಟ್ಟು, ಪೂರ್ತಿ ಅಳತೆಯಲ್ಲಿ ಒಂದೇ ಒಂದು ಪ್ರತಿ ತೆಗೆದಳು. ಫೋನಿನಲ್ಲಿ ಕಳಿಸಲಿಲ್ಲ. ಸುರುಳಿ ಸುತ್ತಿಕೊಂಡು ಬೋಡಿಗೆ ಹೋಗಿ ಮೂಕಮ್ಮಾಳ್ ಮನೆಯ ಗೋಡೆಗೆ ಆನಿಸಿ ಹಿಡಿದಳು.

"ನಾ ಏನೂ ಹೇಳಲ್ಲ. ನೀವು ಏನ್ ಕಾಣ್ತೀರ, ಅದನ್ನ ಹೇಳಿ ದೊಡ್ಡವ್ವಾ."

ಮೂಕಮ್ಮಾಳ್ ಒಂದೊಂದಾಗಿ ಹೇಳುತ್ತಾ ಬಂದರು. ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸೋದು. ಬೆಲ್ಟು ನಿಂತ್ಮ್ಯಾಲೆ ಕೈ ಹಾಕೋದು. ನಾಲ್ಕನೆಯದರ ಮುಂದೆ ನಿಂತರು.

"ಇವಳ್ಯಾಕೆ ಕೆಂಪ್ ಬಳೆ ಹಾಕ್ಕಂಡು ಬೆಲ್ಟ್ ಕಡೆ ಕೈ ನೀಟ್ತಾವ್ಳೆ?"

ಅದು ಬಳೆಯಲ್ಲ. ಕೈ ಇಡಬೇಡ ಎನ್ನುವ ಕೆಂಪು ಸುತ್ತು. ನಡುವಿನ ಅಡ್ಡಗೆರೆಯನ್ನು ಆ್ಯಪ್ ಕೈಯ ಬಣ್ಣದಲ್ಲೇ ಬರೆದಿದ್ದರಿಂದ ಸುತ್ತು ಮಾತ್ರ ಕಾಣುತ್ತಿತ್ತು. ಮುತ್ತುಸೆಲ್ವಿ ಮೂಲದೊಂದಿಗೆ ಮೂರು ಸಲ ಹೋಲಿಸಿ ನೋಡಿದ್ದಳು. ಮೂಲದಲ್ಲೂ ಅದು ಹಾಗೇ ಇದ್ದುದರಿಂದ ಹೋಲಿಕೆಯಲ್ಲಿ ಸಿಕ್ಕಿರಲಿಲ್ಲ.

ಅವಳು ಪೆನ್ಸಿಲ್ ತೆಗೆದು ಅಲ್ಲಿ ಗುರುತು ಹಾಕಿಕೊಂಡಳು. "ಮುಂದಿಂದು ಹೇಳಿ," ಎಂದಳು.

ಮೂಕಮ್ಮಾಳ್ ಕಣ್ಣು ಕಿರಿದು ಮಾಡಿ ಐದನೆಯ ಚಿತ್ರಕ್ಕೆ ಸರಿದರು.